ಒಂದೇ ಕಡೆಯ ಬೆಳಕು

“ಅಜ್ಜೀ, ತಾತನ ಮೂಗಿನ ನೆರಳು ಬಲಕ್ಕೆ ಬಿದ್ದಿದೆ. ನಿನ್ನ ಮೂಗಿಂದು ಎಡಕ್ಕೆ. ಅದು ಹೇಗೆ?”

ಅಜ್ಜಿಯ ತುಟಿಯ ಹತ್ತಿರ ಬಂದಿದ್ದ ಕಾಫಿ ಲೋಟ ಅಲ್ಲಿಯೇ ನಿಂತಿತು. ಆ ಮದುವೆ ಫೋಟೋ ನಡುಮನೆಯ ಗೋಡೆಯ ಮೇಲಿದ್ದಷ್ಟು ಕಾಲ ಅದರ ಮುಂದೆ ಎಷ್ಟೋ ಜನ ಕೂತು ಎದ್ದು ಹೋಗಿದ್ದರು. ಹೆಣ್ಣಿನ ಲಕ್ಷಣ ಹೊಗಳಿದ್ದರು, ಗಂಡಿನ ಮೀಸೆ ಹೊಗಳಿದ್ದರು, ಚೌಕಟ್ಟಿನ ಮರ ಯಾವುದು ಎಂದೂ ವಿಚಾರಿಸಿದ್ದರು. ನೆರಳಿನ ಸುದ್ದಿಗೆ ಯಾರೂ ಹೋಗಿರಲಿಲ್ಲ. ಈಗ ಮೊಮ್ಮಗಳು ಕೇಳುತ್ತಿದ್ದಾಳೆ. ಅದೂ ಸ್ಕ್ರೀನಿನಿಂದ ಕಣ್ಣು ಕೀಳದೆ, ಸಕ್ಕರೆ ಡಬ್ಬಿ ಎಲ್ಲಿ ಎಂದು ಕೇಳುವಷ್ಟು ಸಲೀಸಾಗಿ.

“ಸ್ಟುಡಿಯೋದಲ್ಲಿ ಎರಡು ದೀಪ ಇದ್ದಿರ್ಬೇಕು,” ಎಂದಳು ಅಜ್ಜಿ.

“ಎರಡು ದೀಪ ಇದ್ರೆ ಇಬ್ರಿಗೂ ಎರಡೆರಡು ನೆರಳು ಬೀಳ್ಬೇಕಲ್ವಾ? ನೀನೇ ಹೇಳಿಕೊಟ್ಟಿದ್ದು, ಮೇಣದಬತ್ತಿ ಹಚ್ಚಿಟ್ಟು.”

ಹೇಳಿಕೊಟ್ಟದ್ದು ನಿಜ. ಮೊಮ್ಮಗಳಿಗೆ ಮಾತ್ರವಲ್ಲ, ಹೈಸ್ಕೂಲಿನಲ್ಲಿ ತಲೆಮಾರುಗಟ್ಟಲೆ ಮಕ್ಕಳಿಗೆ ಹೇಳಿಕೊಟ್ಟಿದ್ದಳು. ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ, ಕತ್ತಲು ಮಾಡಿ, ಒಂದು ಬತ್ತಿ ಹಚ್ಚಿ ಪಾಠ ಶುರುಮಾಡುತ್ತಿದ್ದಳು. ಮಕ್ಕಳು ಅವಳಿಗೆ ಬೆಳಕಿನ ಟೀಚರ್ ಎಂದೇ ಹೆಸರಿಟ್ಟಿದ್ದರು. ಎಲ್ಲಿ ವಸ್ತು, ಎಲ್ಲಿ ದೀಪ, ಎಲ್ಲಿ ನೆರಳು: ಎರಡು ಗೊತ್ತಿದ್ದರೆ ಮೂರನೆಯದನ್ನು ಹಿಡಿಯಬಹುದು, ಬೆಳಕಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಪಾಠ ಮುಗಿಸುತ್ತಿದ್ದಳು. ಸಂಜೆ ಮನೆಗೆ ಬಂದರೆ ಗೋಡೆಯ ಮೇಲೆ ಆ ಫೋಟೋ. ದೀಪದ ಬುಡದಲ್ಲೇ ಕತ್ತಲು ಎಂಬ ಮಾತನ್ನು ಅವಳಿಗೆ ಬೇರೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಹಳೇ ಕಾಲದ ಫೋಟೋ. ಏನು ಮಾಡಿದ್ರೋ ಏನೋ,” ಎಂದು ಕಾಫಿ ಕುಡಿದಳು. ಆರಿಹೋಗಿತ್ತು.

ಫೋಟೋಗೆ ಬೂಷ್ಟು ಹಿಡಿದು, ಗಂಡನ ಕಿವಿಯವರೆಗೂ ಹಬ್ಬಿತ್ತು. ಮಗ ಅದನ್ನು ನೋಡಿದಾಗಲೆಲ್ಲ ಲೊಚಗುಟ್ಟುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಅವನಿಗೆ ಆ ಫೋಟೋದ ಮೇಲೆ ಎಲ್ಲಿಲ್ಲದ ಪ್ರೀತಿ. ಮಗಳೇ ಪುಸ್ತಕಗಳಿಗೆ ಚಿತ್ರ ಬರೆಯುವವಳು, ಮನೆಯಲ್ಲೇ ಕಲಾವಿದೆ ಇಟ್ಟುಕೊಂಡು ಬೂಷ್ಟು ನೋಡುತ್ತ ಕೂರುವುದೇ? ಬಣ್ಣದಲ್ಲಿ, ದೊಡ್ಡದಾಗಿ, ಕ್ಯಾನ್ವಾಸ್ ಮೇಲೆ ಪ್ರಿಂಟು ಹಾಕಿಸಿ ಅದೇ ಮೊಳೆಗೆ ತೂಗುಹಾಕುವುದು ಎಂದು ತೀರ್ಮಾನವಾಗಿತ್ತು. ಪ್ರಿಂಟಿನ ಅಂಗಡಿಗೆ ಇವತ್ತು ಸಂಜೆಯೊಳಗೆ ಫೈಲು ಹೋಗಬೇಕು. ಅಜ್ಜಿಯನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಆಗಲಿ ಎಂದೇ ಅನ್ನುತ್ತಿದ್ದಳು, ಆ ಮಾತು ಬೇರೆ.

ಆದರೆ ಬೆಳಿಗ್ಗೆ ಎದ್ದಾಗ ಅವಳು ಒಂದು ಗಟ್ಟಿ ಮನಸ್ಸು ಮಾಡಿದ್ದಳು. ಇವತ್ತು ಚುಕ್ಕಿಗೆ ಹೇಳಿಬಿಡಬೇಕು. ಹೊಸ ಚಿತ್ರ ಗೋಡೆ ಏರಿದರೆ ಆಮೇಲೆ ಹೇಳಿ ಸುಖವಿಲ್ಲ. ತಾನು ಹೋದ ಮೇಲಂತೂ ಆ ಫೋಟೋದ ಸಂಗತಿ ಗೊತ್ತಿರುವ ಒಂದು ಜೀವವೂ ಉಳಿಯುವುದಿಲ್ಲ.

ಚುಕ್ಕಿ ಎಂಬುದು ಮೊಮ್ಮಗಳಿಗೆ ಅಜ್ಜಿಯೇ ಇಟ್ಟ ಅಡ್ಡಹೆಸರು. ಚಿಕ್ಕವಳಿದ್ದಾಗ ಪೆನ್ಸಿಲ್ ಕೈಗೆ ಸಿಕ್ಕಿದರೆ ಮನೆಯ ಗೋಡೆಯೆಲ್ಲ ಚುಕ್ಕಿ. ಈಗ ಅವಳ ಮುಂದೆ ಅಗಲವಾದ ಗಾಜಿನ ಸ್ಕ್ರೀನು. ಅದರ ಮೇಲೇ ಪೆನ್ನಿಟ್ಟು ಬರೆಯುತ್ತಾಳೆ. ಒತ್ತಿದರೆ ಗೆರೆ ದಪ್ಪ, ಸಡಿಲಿಸಿದರೆ ಸಣ್ಣ. ಫೋಟೋವನ್ನು ಚೌಕಟ್ಟಿನಿಂದ ಬಿಡಿಸಿ ಸ್ಕ್ಯಾನ್ ಮಾಡಿ ಎಲ್ಲಕ್ಕಿಂತ ಕೆಳಗೆ ಹಾಸಿದ್ದಳು, ಮಂಜು ಕವಿದ ಹಾಗೆ ಮಸುಕು ಮಾಡಿ. ಅದರ ಮೇಲೊಂದು ಲೇಯರು, ಗಾಜಿನ ಹಾಳೆಯಂಥ ಪದರ, ಕರಡು ಗೆರೆಗಳದ್ದು. ಅದರ ಮೇಲೆ ಇನ್ನೊಂದು.

“ಫೋಟೋ ಮೇಲೇ ಗೆರೆ ಎಳೆದು ಮುಗಿಸಿಬಿಡಬಹುದಲ್ಲ?” ಅಜ್ಜಿ ಕೇಳಿದಳು.

“ಹಾಗೆ ಮಾಡಿದ್ರೆ ಮುಖ ಸತ್ತ ಹಾಗಿರುತ್ತೆ ಅಜ್ಜಿ. ಅಳತೆಗೆ ಮಾತ್ರ ಫೋಟೋ. ಕಣ್ಣು ಎಲ್ಲಿ, ಗಲ್ಲ ಎಲ್ಲಿ ಅಂತ ಗುರುತು ಹಾಕ್ಕೊಂಡು, ಆಮೇಲೆ ಫೋಟೋ ಮುಚ್ಚಿ, ನೋಡಿ ನೋಡಿ ಮತ್ತೆ ಬರೀಬೇಕು.”

ಪ್ರತಿ ಲೇಯರಿನ ಪಕ್ಕದಲ್ಲಿ ಪುಟಾಣಿ ಕಣ್ಣಿನ ಗುರುತಿತ್ತು. ಅದನ್ನು ಮುಟ್ಟಿದರೆ ಆ ಲೇಯರು ಮರೆ. ಇನ್ನೊಮ್ಮೆ ಮುಟ್ಟಿದರೆ ಹಾಜರು. ಚುಕ್ಕಿ ಕಣ್ಣು ಮುಟ್ಟಿದಳು. ಫೋಟೋ ಹೋಯಿತು, ಗೆರೆಗಳು ಉಳಿದವು. ಬರೀ ಗೆರೆಯಲ್ಲಿ ಗಂಡ ಇನ್ನೂ ಎಳೆಯನಾಗಿ ಕಂಡ. ಅಜ್ಜಿ ಅವನನ್ನು ನೋಡಿದಳು, ದುಃಖವಾಗಲಿ ಎಂದು ಕಾದಳು. ಸ್ವಲ್ಪ ಮಾತ್ರ ಆಯಿತು.

“ಇಲ್ಲಿ ನೋಡು ಅಜ್ಜಿ.” ಚುಕ್ಕಿ ಫೋಟೋವನ್ನು ಮತ್ತೆ ಕರೆದು, ಎರಡು ಬೆರಳಿನಿಂದ ಹಿಗ್ಗಿಸಿದಳು. ಗಂಡನ ತೋಳು, ಅವಳ ಭುಜ ಸೇರುವ ಜಾಗ. ಉದ್ದಕ್ಕೂ ಕೂದಲಿನಂಥ ಗೆರೆ. ಗೆರೆಯ ಈಚೆ ಬೂದು ಬಣ್ಣ ನುಣ್ಣಗೆ, ಆಚೆ ಮರಳು ಮರಳು. “ಎರಡೂ ಕಡೆ ಒಂದೇ ಥರ ಇಲ್ಲ. ಯಾರೋ ಬ್ರಷ್‌ನಲ್ಲಿ ತೀಡಿದ ಹಾಗಿದೆ.”

“ಮಡಚಿದ್ದಿರಬೇಕು,” ಎಂದಳು ಅಜ್ಜಿ. ಹೇಳಬೇಕೆಂದು ಬೆಳಿಗ್ಗೆಯಿಂದ ಕಾಯುತ್ತಿದ್ದವಳು ಬಾಗಿಲು ತಾನಾಗಿ ತೆರೆದಾಗ ಚಿಲಕ ಹಾಕಿದಳು. ಯಾಕೆ ಎಂದು ಅವಳಿಗೂ ತಿಳಿಯಲಿಲ್ಲ.

ಅದು ಮಡಿಕೆಯಲ್ಲ. ಕತ್ತರಿಸಿದ ಗೆರೆ.

ಮದುವೆಯ ದಿನ ತೆಗೆದ ರೋಲು ಪೂರ್ತಿ ಹಾಳಾಗಿತ್ತು. ಫೋಟೋ ತೆಗೆದವನು ಕ್ಯಾಮೆರಾದ ಬೆನ್ನು ತೆರೆದಾಗ ರೋಲು ಇನ್ನೂ ಸುತ್ತಿಕೊಂಡಿರಲಿಲ್ಲವಂತೆ, ಬೆಳಕು ನುಗ್ಗಿ ಎಲ್ಲ ಮಣ್ಣುಪಾಲು. ಅಷ್ಟರಲ್ಲಿ ಗಂಡ ಕೆಲಸದ ಊರಿಗೆ ಹೊರಟುಹೋಗಿದ್ದ. ಮನೆ ಸಿಗುವವರೆಗೆ ಅವಳು ತವರಿನಲ್ಲೇ. ಮದುವೆಗೆ ಒಂದು ಫೋಟೋ ಆದರೂ ಬೇಡವೇ ಎಂದು ಹಿರಿಯರು ಹಟ ಹಿಡಿದರು. ಅವನು ಒಂದು ಹಗಲಿನ ಪ್ರಯಾಣ ಮಾಡಿದ್ದರೆ ಆಗುತ್ತಿತ್ತು. ಅವಳಪ್ಪ ಕೇಳಿಕೊಂಡು ಬಂದು ಚಪ್ಪಲಿ ಬಿಡುತ್ತಲೇ ಹೇಳಿದ: “ಬರೋದಿಲ್ಲವಂತಮ್ಮ. ಬರೀ ಒಂದು ಫೋಟೋಕ್ಕೆ ರಜ ಯಾಕೆ ಅಂದ್ರು. ಅವರದ್ದು ಅಲ್ಲೇ ತೆಗೆಸಿ ಕಳಿಸ್ತಾರಂತೆ, ನಿಂದು ಇಲ್ಲಿ ತೆಗೆಸಿದ್ರೆ ಸ್ಟುಡಿಯೋದವನು ಕೂಡಿಸಿಕೊಡ್ತಾನಂತೆ.”

ಬರೀ ಒಂದು ಫೋಟೋಕ್ಕೆ. ಅಪ್ಪನ ಮುಖದಲ್ಲಿ ಅಳಿಯನ ಜಾಣತನದ ಬಗ್ಗೆ ಮೆಚ್ಚುಗೆಯೂ ಇತ್ತು.

ಸ್ಟುಡಿಯೋದವನು ಅವಳನ್ನು ಒಂಟಿಯಾಗಿ ನಿಲ್ಲಿಸಿದ. ಪಕ್ಕದಲ್ಲೊಂದು ಎತ್ತರದ ಸ್ಟೂಲು ಇಟ್ಟು, ಅದರ ಮೇಲೆ ತನ್ನ ಕೋಟನ್ನೇ ತೂಗುಹಾಕಿದ. “ಇವರೇ ನಿಮ್ಮ ಯಜಮಾನ್ರು ಅಂದ್ಕೊಳ್ಳಿ. ಸ್ವಲ್ಪ ಇತ್ತ ನೋಡಿ.” ಅವಳು ಕೋಟಿನ ಕಡೆ ನೋಡಿದಳು. ಕೋಟಿನ ಒಂದು ಗುಂಡಿ ಕಿತ್ತುಹೋಗಿತ್ತು. ಅಳು ಬಂದದ್ದು ಆಗಲೇ. ತುಟಿಯ ಕೊನೆ ಕಚ್ಚಿ ತಡೆದುಕೊಂಡಳು. ದೀಪ ಹತ್ತಿತು, ಆರಿತು. ಆಮೇಲೆ ಅವನು ಎರಡು ಪ್ರಿಂಟುಗಳನ್ನು ಬ್ಲೇಡಿನಲ್ಲಿ ಕತ್ತರಿಸಿ, ಅಂಚಿನ ಹಿಂಬದಿಯನ್ನು ಉಪ್ಪು ಕಾಗದದಲ್ಲಿ ಉಜ್ಜಿ ತೆಳ್ಳಗೆ ಮಾಡಿ, ಪಕ್ಕಪಕ್ಕ ಅಂಟಿಸಿ, ಸಂದಿಗೆ ಬೂದು ಬಣ್ಣ ತೀಡಿ, ಅದನ್ನೇ ಮತ್ತೆ ಫೋಟೋ ತೆಗೆದ. ಕೈಕೆಲಸ ಚೊಕ್ಕವಾಗಿತ್ತು. ಇಲ್ಲಿಯವನ ದೀಪ ಬಲಕ್ಕಿತ್ತು, ಗಂಡನ ಊರಿನ ಸ್ಟುಡಿಯೋದ ದೀಪ ಎಡಕ್ಕಿತ್ತು. ಅದಕ್ಕೆ ಯಾರೂ ಏನೂ ಮಾಡುವ ಹಾಗಿರಲಿಲ್ಲ.

ಅಷ್ಟೇ ಆಗಿದ್ದರೆ ಮರೆತುಬಿಡಬಹುದಿತ್ತು.

ಮನೆ ಮಾಡಿ ಕೆಲವು ವರ್ಷಗಳಾದ ಮೇಲೆ ಒಂದು ದಿನ ನೆಂಟರ ಮುಂದೆ ಗಂಡ ಆ ಫೋಟೋ ತೋರಿಸುತ್ತ ಕಥೆ ಹೇಳತೊಡಗಿದ. “ಇವಳು ಹೆದರಿ ಉಸಿರೇ ಬಿಡ್ತಿರಲಿಲ್ಲ. ನಾನು ಕಿವೀಲಿ, ಉಸಿರು ಬಿಡೇ, ಸತ್ತುಹೋಗ್ತೀಯ ಅಂದೆ. ನೋಡಿ, ತುಟಿ ಕೊನೆ ನೋಡಿ, ನಗು ತಡಕೊಂಡಿದ್ದಾಳೆ!” ಮೊದಲ ಸಲ ಅವಳು ತಮಾಷೆ ಎಂದುಕೊಂಡಳು. ಎರಡನೆಯ ಸಲ, ಬರದೇ ಹೋದದ್ದಕ್ಕೆ ಪಾಪ ತೇಪೆ ಹಾಕುತ್ತಿದ್ದಾನೆ ಎಂದುಕೊಂಡಳು. ಮುಂದಿನ ಸಲ ಅವನು ಅವಳ ಕಡೆ ತಿರುಗಿ, “ಅಲ್ವೇನೇ?” ಎಂದ. ಅವನ ಕಣ್ಣಲ್ಲಿ ಕಳ್ಳತನ ಕಾಣಲಿಲ್ಲ. ನಿಜವಾಗಿ ನಂಬಿದ್ದ. ಅವಳು ಹೂಂ ಎಂದಳು. ಆಮೇಲೆ ಜೀವಮಾನವೆಲ್ಲ ಹೂಂ.

ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಹೇಳಿಕೊಂಡು ಅಳಲು ಒಂದು ಕಥೆಯಾದರೂ ಇರುತ್ತಿತ್ತು. ಹೊತ್ತಿಗೆ ಸರಿಯಾಗಿ ಮನೆಗೆ ಬಂದ, ಕಾಯಿಲೆಯಲ್ಲಿ ನೋಡಿಕೊಂಡ, ಅವಳ ಕೆಲಸಕ್ಕೆ ಅಡ್ಡಿ ಬರಲಿಲ್ಲ. ಆದರೆ ಅವನ ಪಕ್ಕದಲ್ಲಿ ಕೂತಾಗಲೆಲ್ಲ ಅವಳಿಗೆ ತಾನು ಬೇರೆ ಕಡೆ ಕತ್ತರಿಸಿ ತಂದು ಅಂಟಿಸಿದವಳು ಎನ್ನಿಸುತ್ತಿತ್ತು. ಇದನ್ನು ಯಾರಿಗೆ, ಏನೆಂದು ಹೇಳುವುದು? ನುಂಗಲಾರದ ತುತ್ತು, ಉಗುಳಲಾರದ ತುತ್ತು.

“ಬಟ್ಟೆ ಯಾವ ಬಣ್ಣದ್ದು ಅಜ್ಜಿ?” ಚುಕ್ಕಿ ಕೇಳುತ್ತಿದ್ದಳು. “ಕಪ್ಪು ಬಿಳುಪಿನಲ್ಲಿ ಕೆಂಪೂ ಹಸಿರೂ ಒಂದೇ ಬೂದು.”

ಹಸಿರು. ಮದುವೆಯ ಬಟ್ಟೆಯನ್ನು ಅಮ್ಮ ಮಡಚಿ ಪೆಟ್ಟಿಗೆಯ ತಳಕ್ಕೆ ಸೇರಿಸಿದ್ದಳು, ಫೋಟೋದಲ್ಲಿ ಯಾರಿಗೆ ಗೊತ್ತಾಗುತ್ತೆ ಎಂದು ಕೈಗೆ ಸಿಕ್ಕ ಹಸಿರನ್ನು ಕೊಟ್ಟಿದ್ದಳು.

“ತಾತ ಕೆಂಪು ಅಂತ ಹೇಳ್ತಿದ್ರು,” ಎಂದಳು ಅಜ್ಜಿ.

“ಹಾಗಾದ್ರೆ ಕೆಂಪೇ.” ಚುಕ್ಕಿ ಬಣ್ಣದ ಚಕ್ರದಲ್ಲಿ ಬೆರಳಾಡಿಸಿ ಒಂದು ಕೆಂಪನ್ನು ಆರಿಸಿದಳು, ಗೆರೆಗಳ ನಡುವೆ ಸುರಿದಳು. ಒಂದೇ ತಟ್ಟಿಗೆ ತುಂಬಿಕೊಂಡಿತು.

ಕೆಳಗಿನ ರಸ್ತೆಯಲ್ಲಿ ಯಾರದೋ ಸ್ಕೂಟರು ಹಟ ಮಾಡುತ್ತಿತ್ತು. ಚುಕ್ಕಿ ಪೆನ್ನಿನ ಹಿಂಬದಿಯಿಂದ ತಲೆ ತುರಿಸಿಕೊಂಡಳು.

“ಈ ನೆರಳು ಬಿಡ್ತಿಲ್ಲ ಅಜ್ಜಿ. ಗೋಡೆ ಮೇಲೆ ದೊಡ್ಡದಾಗಿ ಬಂದ್ರೆ ಎದ್ದು ಕಾಣುತ್ತೆ, ಇಬ್ರೂ ಬೇರೆ ಬೇರೆ ಕಡೆ ಇದ್ದ ಹಾಗೆ. ಒಂದು ನಿಮಿಷ, ನಿನ್ನನ್ನ ತಿರುಗಿಸಿ ನೋಡ್ತೀನಿ.”

“ತಿರುಗಿಸೋದು ಅಂದ್ರೆ?”

“ಎಡ ಬಲ ಅದಲು ಬದಲು. ನಾವು ಮಾಡ್ತಾನೇ ಇರ್ತೀವಿ. ಒಂದೇ ಮುಖ ನೋಡಿ ನೋಡಿ ಕಣ್ಣಿಗೆ ತಪ್ಪು ಕಾಣೋದು ನಿಂತುಹೋಗಿರುತ್ತೆ. ತಿರುಗಿಸಿದ್ರೆ ಹೊಸಬರ ಮುಖ ನೋಡಿದ ಹಾಗೆ, ಎಲ್ಲಾ ಕಾಣುತ್ತೆ.” ಅಜ್ಜಿಯ ಲೇಯರನ್ನಷ್ಟೇ ಹಿಡಿದು ಒಂದು ಗುಂಡಿ ಒತ್ತಿದಳು.

ಚಿತ್ರದ ಹುಡುಗಿ ಮಗ್ಗುಲು ಬದಲಿಸಿದಳು.

ಅಜ್ಜಿ ಸ್ಕ್ರೀನಿನ ಕಡೆ ಬಗ್ಗಿದಳು.

ಆ ಮುಖ ಅವಳಿಗೆ ಗೊತ್ತಿತ್ತು. ತವರುಮನೆಯ ಬೀರುವಿನ ಕನ್ನಡಿಯಲ್ಲಿ ದಿನಾ ಬೆಳಿಗ್ಗೆ ತಲೆ ಬಾಚುವಾಗ ಎದುರಿಗೆ ಬರುತ್ತಿದ್ದವಳು. ಎಡಗೆನ್ನೆಯ ಮಚ್ಚೆ ಅಲ್ಲಿ ಕಂಡ ಹಾಗೆ ಎಡಗಡೆಯೇ ಇತ್ತು; ಓರೆ ಬೈತಲೆ ಹೋಗಬೇಕಾದ ಕಡೆಗೇ ಹೋಗಿತ್ತು. ಕನ್ನಡಿ ಎಡ ಬಲ ಬದಲಿಸುತ್ತದೆ, ಫೋಟೋ ಬದಲಿಸುವುದಿಲ್ಲ, ನಮ್ಮ ಮುಖ ನಮಗೆ ಗೊತ್ತಿರುವುದು ಕನ್ನಡಿಯಿಂದ, ಲೋಕಕ್ಕೆ ಗೊತ್ತಿರುವುದು ಇನ್ನೊಂದು. ಇದನ್ನೂ ಅವಳು ಪಾಠ ಮಾಡಿದ್ದಳು. ಆದರೆ ಗೋಡೆಯ ಮೇಲಿನ ಹುಡುಗಿ ಇಷ್ಟು ವರ್ಷ ಯಾಕೆ ಯಾರೋ ದೂರದ ನೆಂಟಳ ಹಾಗೆ ಕಂಡಳು ಎಂಬುದಕ್ಕೆ ಆ ಪಾಠವನ್ನು ಹೊಂದಿಸಿ ನೋಡಿರಲಿಲ್ಲ.

ಆ ದಿನವೂ ಸ್ಟುಡಿಯೋಗೆ ಹೊರಡುವ ಮುಂಚೆ ಕನ್ನಡಿಯಲ್ಲಿ ಇವಳೇ ಇದ್ದಳು. ಹೂವು ಸರಿಮಾಡಿಕೊಂಡು, ಬರುತ್ತೇನೆ ಎಂದು ತನಗೆ ತಾನೇ ಸನ್ನೆ ಮಾಡಿ ಹೋದವಳು. ತಿರುಗಿ ಬಂದಿರಲಿಲ್ಲ. ಗಂಡ ಸತ್ತಾಗ ಬಾರದ ಅಳು ಈಗ, ಈ ಗಾಜಿನ ಮುಂದೆ ಬಂತು.

“ಹೀಗೇ ಇರಲಿ,” ಎಂದಳು.

“ಬೆಳಕೇನೋ ಕೂಡಿತು,” ಚುಕ್ಕಿ ತಲೆ ಓರೆ ಮಾಡಿ ನೋಡಿದಳು. “ಆದ್ರೆ ನೀನು ತಾತನ ಕಡೆ ಬೆನ್ನು ಮಾಡಿ ಎಲ್ಲೋ ಹೊರಗೆ ನೋಡ್ತಿದ್ದೀಯ. ಜಗಳ ಆಡಿದ ಹಾಗಿದೆ. ಮಚ್ಚೆ ಬೇರೆ ಈ ಕಡೆ ಬಂತು.”

“ಪರವಾಗಿಲ್ಲ.”

“ಅಜ್ಜೀ, ಮುಖ ಯಾಕೆ ಹಾಗಾಯ್ತು? ನೀರು ಕೊಡ್ಲಾ?”

“ಕಣ್ಣು ಉರಿ. ಆ ಸ್ಕ್ರೀನು ನೋಡಿ ನೋಡಿ.”

ಅಷ್ಟರಲ್ಲಿ ಮಗ ಊಟಕ್ಕೆ ಬಂದ. ಆಫೀಸು ಹತ್ತಿರವೇ ಇದ್ದುದರಿಂದ ಮಧ್ಯಾಹ್ನ ಬಿಸಿ ಅನ್ನ ಉಂಡು ಹೋಗುವುದು ಅವನ ಅಭ್ಯಾಸ. ಕೈ ತೊಳೆದು, ಟವೆಲಿನಿಂದ ಒರೆಸಿಕೊಳ್ಳುತ್ತಲೇ ಮಗಳ ಹಿಂದೆ ಬಂದು ನಿಂತ.

“ಇದೇನಿದು? ಅಮ್ಮ ಯಾಕೆ ಆ ಕಡೆ ನೋಡ್ತಿದ್ದಾಳೆ?”

“ಬೆಳಕಿಗೋಸ್ಕರ ತಿರುಗಿಸಿದ್ದು ಅಪ್ಪ. ಅಜ್ಜಿ ಹೀಗೇ ಇರಲಿ ಅಂತಾಳೆ.”

“ಅಮ್ಮನ್ನ ಏನು ಕೇಳಿದ್ರೂ ಹೀಗೇ ಇರಲಿ ಅಂತಾಳೆ.” ಅವನು ನಕ್ಕ. ಕೆಟ್ಟ ನಗುವಲ್ಲ. “ಆ ಫೋಟೋದ ಜೀವ ಇರೋದೇ ಅಮ್ಮ ಅಪ್ಪನ ಕಡೆ ನೋಡೋದ್ರಲ್ಲಿ. ಅಪ್ಪ ಕಿವೀಲಿ ಹೇಳಿದ್ದು, ಅಮ್ಮ ನಗು ತಡಕೊಂಡಿದ್ದು. ಅದನ್ನೇ ತೆಗೆದುಬಿಟ್ರೆ ಇನ್ನೇನುಳೀತು? ಅಲ್ವೇನಮ್ಮ?”

ಮುಖವನ್ನು ಕೂಡ ಅಪ್ಪನ ಹಾಗೇ ಅವಳ ಕಡೆ ತಿರುಗಿಸಿದ. ಅಜ್ಜಿ ಅವನನ್ನು ನೋಡಿದಳು. ಅಪ್ಪ ಹೋದಾಗ ಈ ಗಂಡಸು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದು ಅವಳಿಗೆ ಗೊತ್ತಿತ್ತು. ಅವನ ಕೈಯಲ್ಲಿ ಉಳಿದಿರುವುದು ಈ ಒಂದು ಕಥೆ. ಅದನ್ನೂ ಕಿತ್ತುಕೊಂಡರೆ?

“ಹೂಂ,” ಎಂದಳು.

“ನೋಡಿದ್ಯಾ,” ಎಂದ ಮಗ. ಆಮೇಲೆ ಬಗ್ಗಿ ನೋಡಿ, “ಅಪ್ಪನ ಎಡಗೈ ಎಲ್ಲಿ?” ಎಂದ.

“ಫೋಟೋದಲ್ಲಿ ಕಾಣಲ್ಲ. ಅಜ್ಜಿ ಹಿಂದೆ ಇರ್ಬೇಕು.”

“ಹೆಗಲ ಮೇಲೆ ತಗೊಂಡು ಬಾ. ಚೆನ್ನಾಗಿರುತ್ತೆ.”

ಮಗ ಉಂಡು ಹೋದ. ಚುಕ್ಕಿ ಅದೇ ಗುಂಡಿ ಒತ್ತಿದಳು. ಹುಡುಗಿ ತಿರುಗಿ ನಿಂತಳು. ಮಚ್ಚೆ ಹಿಂದಿನ ಜಾಗಕ್ಕೆ ಬಂತು, ಕಣ್ಣು ಕೋಟಿನ ಕಡೆ ಹೋಯಿತು. ಅಜ್ಜಿಗೆ ಅವಳ ಗುರುತು ತಕ್ಷಣ ತಪ್ಪಿಹೋಯಿತು.

“ಬೆಳಕನ್ನ ನಾನೇ ಹಾಕ್ತೀನಿ ಬಿಡು,” ಎಂದಳು ಚುಕ್ಕಿ. “ಮುಖ ತಿರುಗಿಸೋದು ಬೇಡ. ನೆರಳು ಬೇರೆ ಲೇಯರಿನಲ್ಲಿರುತ್ತೆ. ನಿನ್ನ ಮೂಗಿನ ಹಳೇ ನೆರಳು ಅಳಿಸಿ ಈ ಕಡೆ ಬರೀತೀನಿ. ಕೆನ್ನೆ, ಕತ್ತು, ಬಟ್ಟೆ ಮಡಿಕೆ, ಎಲ್ಲಾ. ಇನ್ಮೇಲೆ ನಿಂಗೂ ತಾತಂಗೂ ಎಡಗಡೆಯಿಂದ ಒಂದೇ ದೀಪ.”

ಅವಳು ಕೆಲಸ ಮಾಡುವುದನ್ನು ಅಜ್ಜಿ ಪಕ್ಕದಲ್ಲಿ ಕೂತು ನೋಡಿದಳು. ಮೊಮ್ಮಗಳು ಒಳ್ಳೆಯ ಕೆಲಸಗಾರ್ತಿ. ನೆರಳಿಗೆ ಕಪ್ಪು ಬಳಸಲಿಲ್ಲ. ತೆಳುವಾದ ನೇರಳೆ ಹಾಕಿ, ಕೆಳಗಿನ ಬಣ್ಣದ ಜೊತೆ ಬೆರೆಯುವ ಹಾಗೆ ಮಾಡಿದಳು. ಕೆಂಪಿನ ಮೇಲೆ ಅದು ಕಂದಾಯಿತು, ಚರ್ಮದ ಮೇಲೆ ಬೆಚ್ಚಗಾಯಿತು. ಆಮೇಲೆ ಹಿಂದಿನ ಪರದೆ. “ಇಬ್ರ ನೆರಳೂ ಪರದೆ ಮೇಲೆ ಒಂದೇ ಕಡೆ ಬೀಳ್ಬೇಕು. ಆಗ ಒಟ್ಟಿಗೆ ನಿಂತ ಹಾಗೆ ಅನ್ಸೋದು.” ಅದಕ್ಕೊಂದು ಲೇಯರು. ಎರಡು ಬೂದು ಆಕಾರಗಳು ಬಲಕ್ಕೆ ವಾಲಿ, ಒಂದರ ಅಂಚಿನಲ್ಲಿ ಒಂದು ಕಲೆತವು. ಬೆಳಕಿನ ಟೀಚರ್ ಪರೀಕ್ಷಿಸಿದಳು. ಎಲ್ಲೂ ತಪ್ಪಿರಲಿಲ್ಲ.

ಕೊನೆಗೆ ಕೈ. ಚುಕ್ಕಿ ತನ್ನ ಎಡಗೈಯನ್ನೇ ಕುರ್ಚಿಯ ಮೇಲಿಟ್ಟು ಫೋಟೋ ತೆಗೆದು, ಅದನ್ನು ನೋಡಿಕೊಂಡು ಬೆರಳುಗಳನ್ನು ಗಂಡಸಿನದು ಮಾಡಿದಳು. ಕೈ ಹುಡುಗಿಯ ಆಚೆಯ ಹೆಗಲ ಮೇಲೆ ಮೆತ್ತಗೆ ಕೂತಿತು. ಅಜ್ಜಿಯ ಹೆಗಲು ಒಮ್ಮೆ ಅಲುಗಿತು.

ಇನ್ನು ತಡಮಾಡಿದರೆ ಆಗದು.

“ಚುಕ್ಕೀ, ಆ ದಿನ ಸ್ಟುಡಿಯೋದಲ್ಲಿ ನಿಮ್ಮ ತಾತ…”

“ಗೊತ್ತಜ್ಜಿ. ಉಸಿರು ಬಿಡೇ, ಸತ್ತುಹೋಗ್ತೀಯ!” ಚುಕ್ಕಿ ತಾತನ ದನಿ ಮಾಡಿ ನಕ್ಕಳು. ಚೆನ್ನಾಗಿ ಮಾಡಿದಳು, ಆ ಕೊನೆಯ ಎಳೆತದ ಸಮೇತ. “ಅದಕ್ಕೇ ನೋಡು, ನಿನ್ನ ತುಟಿ ಕೊನೇನ ಒಂದು ಕೂದಲೆಳೆ ಮೇಲೆತ್ತಿದ್ದೀನಿ. ಫೋಟೋದಲ್ಲಿ ನಗೂನೋ ಅಳೂನೋ ಗೊತ್ತಾಗ್ತಿರಲಿಲ್ಲ. ಏನೋ ಹೇಳ್ತಿದ್ದೆ?”

“ಅದೇ,” ಎಂದಳು ಅಜ್ಜಿ. “ಅದನ್ನೇ.”

ಬಿಸಿಲು ಕಿಟಕಿಯಿಂದ ಇಳಿದು ನೆಲದ ಅಂಚಿಗೆ ಹೋಗಿತ್ತು. ಚಿತ್ರ ಮುಗಿದಿತ್ತು. ಸುಂದರವಾಗಿತ್ತು, ಅದೇ ಕಷ್ಟ. ಗೋಡೆಯ ಮೇಲೆ ನೋಡಿದವರು ಯಾರೂ ಇನ್ನು ಮೂಗಿನ ನೆರಳಿನ ಪ್ರಶ್ನೆ ಕೇಳುವ ಹಾಗಿರಲಿಲ್ಲ. ಸಂದಿಯ ಗೆರೆ ಇಲ್ಲ, ಮರಳು ಮರಳು ಇಲ್ಲ. ಸ್ಟುಡಿಯೋದವನು ಬ್ಲೇಡು, ಅಂಟು ಹಿಡಿದು ಮಾಡಲಾಗದ್ದನ್ನು ಮೊಮ್ಮಗಳು ಪ್ರೀತಿಯಿಂದ ಮಾಡಿ ಮುಗಿಸಿದ್ದಳು.

“ಅಂಗಡಿಯವರಿಗೆ ಫೋನ್ ಮಾಡಿ ಅಳತೆ ಕೇಳ್ಕೊಂಡು ಬರ್ತೀನಿ. ಇಲ್ಲಿ ಸಿಗ್ನಲ್ ಇಲ್ಲ,” ಎಂದು ಚುಕ್ಕಿ ಎದ್ದಳು. “ನೋಡ್ತಿರು ಅಜ್ಜಿ. ಏನಾದ್ರೂ ತಪ್ಪಿದ್ರೆ ಈಗ್ಲೇ ಹೇಳು.”

“ಆ ತಿರುಗಿಸಿದ್ದು? ಅಳಿಸಿಬಿಟ್ಯಾ?”

“ಏನನ್ನೂ ಅಳಿಸಲ್ಲ ನಾನು. ಒಂದು ಪ್ರತಿ ಮಾಡಿ ಮುಚ್ಚಿಟ್ಟಿದ್ದೀನಿ. ಅಗೋ, ಕೆಳಗಡೆ, ‘ಅಜ್ಜಿ ಬೇಡದ್ದು’ ಅಂತ ಇದೆಯಲ್ಲ.” ಬಾಲ್ಕನಿಯ ಬಾಗಿಲು ಎಳೆದುಕೊಂಡು ಹೋದಳು.

ಅಜ್ಜಿ ಕನ್ನಡಕ ಒರೆಸಿಕೊಂಡು ಸ್ಕ್ರೀನಿನ ಹತ್ತಿರ ಸರಿದಳು. ಬದಿಯಲ್ಲಿ ಹೆಸರುಗಳ ಸಾಲು: ಕೈ, ಅಜ್ಜಿ, ತಾತ, ನೆರಳು, ಪರದೆ. ಎಲ್ಲಕ್ಕೂ ಒಂದೊಂದು ಕಣ್ಣು. ತಳದಲ್ಲಿ, ಕಣ್ಣು ಮುಚ್ಚಿಕೊಂಡು, ಅಜ್ಜಿ ಬೇಡದ್ದು.

ಒಮ್ಮೆ ನೋಡಿ ಮತ್ತೆ ಮುಚ್ಚಿದರಾಯಿತು. ಯಾರ ಗಂಟು ಏನು ಹೋಗುತ್ತದೆ?

ಅದನ್ನು ಮುಟ್ಟಿದಳು. ಏನೂ ಆಗಲಿಲ್ಲ. ಮೇಲಿನವುಗಳ ಮರೆಯಲ್ಲಿದೆ ಎಂದು ತಿಳಿಯಲು ವಿಜ್ಞಾನದ ಟೀಚರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಕೈಯ ಕಣ್ಣು ಮುಚ್ಚಿದಳು. ಹೆಗಲು ಹಗುರಾಯಿತು. ಅಜ್ಜಿಯ ಕಣ್ಣು ಮುಚ್ಚಿದಳು, ತಾತನದು ಮುಚ್ಚುವಾಗ ಒಂದು ಗಳಿಗೆ ಬೆರಳು ತಡೆಯಿತು, ಮುಚ್ಚಿದಳು. ನೆರಳು, ಪರದೆ.

ಬಿಳಿಯ ಬಯಲಿನಲ್ಲಿ ಹುಡುಗಿ ಒಬ್ಬಳೇ ಇದ್ದಳು. ಯಾರ ಕಡೆಗೂ ನೋಡುತ್ತಿರಲಿಲ್ಲ. ತುಟಿಯ ಕೊನೆ ಇನ್ನೂ ಕೆಳಗೇ ಇತ್ತು. ಅಜ್ಜಿ ಅವಳನ್ನು ನೋಡಿದಳು, ಬಹಳ ಹೊತ್ತು ನೋಡಿದಳು. ಎಲ್ಲಿದ್ದೆಯೇ ಇಷ್ಟು ದಿನ ಎಂದು ಕೇಳಬೇಕೆನಿಸಿತು. ಆದರೆ ಆ ಹುಡುಗಿಗೆ ತನ್ನ ಗುರುತು ಸಿಗುವುದಿಲ್ಲ ಎಂದು ಖಾತ್ರಿಯಾಗಿ ಗೊತ್ತಿತ್ತು. ಕಣ್ಣೀರು ಬಂತು. ಗಾಜಿನ ಮೇಲೆ ಬಿದ್ದೀತು ಎಂದು ಹಿಂದೆ ಸರಿದಳು.

ಬಾಲ್ಕನಿಯಲ್ಲಿ ಚುಕ್ಕಿ, “ಹೌದು ಸರ್, ಈಗ್ಲೇ ಕಳಿಸ್ತೀನಿ,” ಎನ್ನುವುದು ಕೇಳಿಸಿತು.

ಅಜ್ಜಿ ಗಾಬರಿಯಾದಳು. ಎಲ್ಲ ಇದ್ದ ಹಾಗೆ ಮಾಡಬೇಕು. ಮೊದಲು ಹುಡುಗಿಯ ಕಣ್ಣು ಮುಚ್ಚಿದಳು, ಬಿಳಿ ಉಳಿಯಿತು. ಪರದೆ ಮುಟ್ಟಿದಳು, ಪರದೆ ಬಂತು. ನೆರಳು ಬಂತು. ತಾತ ಬಂದ, ಮೀಸೆಯ ಸಮೇತ, ನಗುತ್ತ. ಕಣ್ಣು ಮಂಜಾಗಿ ಹೆಸರುಗಳು ಒಂದರ ಮೇಲೊಂದು ಹರಿಯುತ್ತಿದ್ದವು. ಬೆರಳು ಒಂದು ಸಾಲು ಹಾರಿತೋ, ಅಥವಾ ಮುಟ್ಟಿದ್ದನ್ನೇ ಇನ್ನೊಮ್ಮೆ ಮುಟ್ಟಿದಳೋ. ಕೈ ಬಂತು.

ಸೆರಗಿನಿಂದ ಕಣ್ಣೊರೆಸಿಕೊಂಡು ಚಿತ್ರ ನೋಡಿದಳು. ಎಲ್ಲ ಸರಿಯಾಗಿದೆ ಎನ್ನಿಸಿತು. ಏನೋ ಕಡಿಮೆಯಾಗಿದೆ ಎಂದು ಅವಳಿಗೆ ತಕ್ಷಣ ಹೊಳೆಯಲೇ ಇಲ್ಲ.

“ಅಜ್ಜೀ, ಎಲ್ಲಾ ಸರಿ ಇದೆ ತಾನೆ?” ಬಾಲ್ಕನಿಯಿಂದ ಚುಕ್ಕಿ ಕೂಗಿದಳು. “ಫೋನಿಂದ್ಲೇ ಕಳಿಸಿಬಿಡ್ಲಾ?”

ಆಗ ಕಂಡಿತು. ಎಡಗಡೆಯಿಂದ ಬಂದ ಬೆಳಕಿನಲ್ಲಿ ಗಂಡ ಒಬ್ಬನೇ ನಿಂತಿದ್ದ. ಅವನ ಕೈ ಹೆಗಲಿನ ಎತ್ತರದಲ್ಲಿ, ಹೆಗಲಿನ ಆಕಾರಕ್ಕೇ ಬೆರಳು ಬಾಗಿಸಿಕೊಂಡು, ಗಾಳಿಯ ಮೇಲೆ ಮೆತ್ತಗೆ ಕೂತಿತ್ತು. ಅವನಿಗೆ ಗೊತ್ತಾದಂತಿರಲಿಲ್ಲ, ನಗುತ್ತಲೇ ಇದ್ದ. ಹಿಂದಿನ ಪರದೆಯ ಮೇಲೆ ಎರಡು ನೆರಳು.

“ಸರಿ ಇದೆ,” ಎಂದಳು ಅಜ್ಜಿ.

ಆ ಎರಡನೆಯ ನೆರಳನ್ನೇ ನೋಡುತ್ತ ಕೂತಳು. ಬೀಳಬೇಕಾದ ಕಡೆಗೇ ಬಿದ್ದಿತ್ತು.